ಸ್ಟಾಲ್ ಬಾಗಿಲ ತನಕ ಕರೆತರುವ ಇ-ಮೇಲ್

ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಮೇಳ. ಪೀಣ್ಯದ ಸಣ್ಣ ಕಾರ್ಖಾನೆಯೊಂದು ಅಲ್ಲಿ ಸ್ಟಾಲ್ ಹಾಕಿ, ಲೇತ್‌ಗೆ ಹೊಸ ಚಕ್ ಬಿಡುಗಡೆ ಮಾಡುತ್ತಿದೆ ಎಂದುಕೊಳ್ಳಿ. ಹುಬ್ಬಳ್ಳಿಯಿಂದ ಬಂದ ಗ್ರಾಹಕರು ಹಾಲ್‌ನ ಬಾಗಿಲಲ್ಲಿ ನಿಂತು, ಮೊಬೈಲಿನ ಮೇಲ್‌ಗಳಲ್ಲಿ ಸ್ಟಾಲ್ ನಂಬರ್ ಹುಡುಕುತ್ತಾರೆ. ಸಿಗುವುದಿಲ್ಲ. ಆಹ್ವಾನ ಬಂದದ್ದು ಬಣ್ಣದ ಪೋಸ್ಟರ್ ಆಗಿ. ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸಿಗುತ್ತದೆಂಬ ಭರವಸೆಯಿಲ್ಲ. ಕೆಲವು ಕಚೇರಿಗಳ ಮೇಲ್‌ನಲ್ಲಂತೂ ಚಿತ್ರ ತಾನಾಗಿ ತೆರೆದುಕೊಳ್ಳುವುದೇ ಇಲ್ಲ.

ಆದ್ದರಿಂದ ಪೋಸ್ಟರ್ ಇರಲಿ, ಆದರೆ ವಿವರಗಳು ಅಕ್ಷರದಲ್ಲೇ ಇರಬೇಕು. ಬರುವವರು ನಡೆದುಬರುವ ಕ್ರಮದಲ್ಲೇ ಅವನ್ನು ಬರೆಯುವುದು ಒಳ್ಳೆಯದು:

ವಿಷಯ: ಹೊಸ ಚಕ್ ನೋಡಲು ಬನ್ನಿ – ಜನವರಿ 23, ಹಾಲ್ 3, ಸ್ಟಾಲ್ ಬಿ 112

ಮಾನ್ಯರೇ,
ಕೆಲಸದ ತುಂಡನ್ನು ಬೇಗ ಬದಲಿಸಲು ಅನುವಾಗುವ ನಮ್ಮ ಹೊಸ ಚಕ್ಕನ್ನು ಜನವರಿ 23, ಶುಕ್ರವಾರ ಬೆಳಿಗ್ಗೆ 11.30ಕ್ಕೆ ಯಂತ್ರದ ಮೇಲೇ ಓಡಿಸಿ ತೋರಿಸುತ್ತೇವೆ. 20 ನಿಮಿಷ ಸಾಕು.
ದಾರಿ: ರೈಲಿನಲ್ಲಿ ಯಶವಂತಪುರಕ್ಕೆ ಬಂದರೆ ಅಲ್ಲಿಂದಲೇ ಹಸಿರು ಮಾರ್ಗದ ಮೆಟ್ರೊ ಹಿಡಿದು ಮಾದಾವರದಲ್ಲಿ ಇಳಿಯಿರಿ.
ಪ್ರವೇಶ: ಮೇಳದವರ ನೋಂದಣಿ ಕಡ್ಡಾಯ, ಲಿಂಕ್ ಕೆಳಗಿದೆ. ಗುರುತಿನ ಚೀಟಿ ತನ್ನಿ.
ಎಷ್ಟು ಜನ ಬರುತ್ತೀರಿ ಎಂದು 19ರೊಳಗೆ ತಿಳಿಸಿ. ಅಂದು ದಾರಿ ತಪ್ಪಿದರೆ ಸ್ಟಾಲಿನಲ್ಲಿರುವವರ ಮೊಬೈಲ್: …

ಇಲ್ಲಿ ಹಾಲ್ ಮತ್ತು ಸ್ಟಾಲ್ ನಂಬರ್ ವಿಷಯದ ಸಾಲಿನಲ್ಲೇ ಇರುವುದರಿಂದ ಮೇಲ್ ತೆರೆಯದೆಯೂ ಕಾಣುತ್ತದೆ. ಮೊಬೈಲ್ ನಂಬರ್ ಅಂದು ಸ್ಟಾಲಿನಲ್ಲೇ ನಿಲ್ಲುವವರದ್ದಾಗಿರಲಿ. ಕಚೇರಿಯ ಸ್ಥಿರ ದೂರವಾಣಿ ಕೊಟ್ಟರೆ, ಎಲ್ಲರೂ ಮೇಳಕ್ಕೆ ಹೋದ ದಿನ ಅದು ಸುಮ್ಮನೆ ರಿಂಗಾಗುತ್ತಿರುತ್ತದೆ. ನೋಂದಣಿಯ ಮಾತು ಮರೆತರೆ, ನಿಮ್ಮ ಆಹ್ವಾನವನ್ನೇ ಪಾಸ್ ಎಂದುಕೊಂಡು ಬಂದವರು ಗೇಟಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ.

ಹಳೆಯ ಮೇಳದ ಮೇಲ್ ನಕಲು ಮಾಡಿ ದಿನಾಂಕವಷ್ಟೇ ತಿದ್ದುವುದು ಇನ್ನೊಂದು ತೊಂದರೆ. ಹಸಿರು ಮಾರ್ಗ ಮಾದಾವರ ಮುಟ್ಟಿದ್ದು 2024ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಮೇಲ್‌ನಲ್ಲಿ "ನಾಗಸಂದ್ರದಲ್ಲಿ ಇಳಿಯಿರಿ" ಎಂದೇ ಉಳಿದಿದ್ದರೆ, ಓದಿದವರು ಮೂರು ನಿಲ್ದಾಣ ಮೊದಲೇ ಇಳಿದು ಆಟೊ ಹುಡುಕುತ್ತಾರೆ. ಕಳಿಸುವ ಮುನ್ನ ಮೇಳಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ಮೇಲ್ ಕೊಟ್ಟು, "ಇದಿಷ್ಟನ್ನೇ ನೋಡಿಕೊಂಡು ಹೇಗೆ ಹೋಗುತ್ತೀರಿ?" ಎಂದು ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಒಂದು ಸಾಲು ಕಡಿಮೆಯಿದೆ.

ಮೂರು ವಾರ ಮೊದಲು ಕಳಿಸಿದರೆ ಊರಾಚೆಯವರಿಗೆ ರೈಲಿನ ಟಿಕೆಟ್ ಮಾಡಿಸಲು ಸಮಯ ಸಿಗುತ್ತದೆ. ಗ್ರಾಹಕರ ವಿಳಾಸಗಳನ್ನು ಒಟ್ಟಿಗೆ ಹಾಕುವುದಾದರೆ ಬಿಸಿಸಿಯಲ್ಲೇ ಹಾಕಿ. ಇಲ್ಲದಿದ್ದರೆ ನಿಮ್ಮ ಗ್ರಾಹಕರ ಪಟ್ಟಿ ಎಲ್ಲರ ಕೈಗೂ ಹೋಗುತ್ತದೆ. ಮುನ್ನಾದಿನ ಸಂಜೆ ಹಾಲ್, ಸ್ಟಾಲ್, ವೇಳೆ, ಮೊಬೈಲ್ ನಂಬರ್ ಇಷ್ಟನ್ನೇ ಮತ್ತೊಮ್ಮೆ ಕಳಿಸಿ. ಆಗ ಹುಬ್ಬಳ್ಳಿಯವರು ಬಾಗಿಲಲ್ಲಿ ಮೊಬೈಲ್ ತೆಗೆದರೆ, ಮೊದಲಿಗೆ ಕಾಣುವುದು ಆ ನಾಲ್ಕು ಸಾಲು.