ಕೈಮಗ್ಗದ ಕುರ್ತಾ: ಚೀಟಿಯಲ್ಲಿ ಏನು ಬರೆದಿರಬೇಕು?



ರಜೆಗೆ ಊರಿಗೆ ಹೋದವರ ಕೈಯಲ್ಲಿ ಕೈಮಗ್ಗದ ಕುರ್ತಾ ತರಿಸಿಕೊಳ್ಳುವವರು ನಮ್ಮಲ್ಲಿ ಅನೇಕರಿದ್ದಾರೆ. ಅದು ದುಬೈಗೋ ಅಬುಧಾಬಿಗೋ ಬಂದ ಮೇಲೆ ಅಳತೆ ಸರಿಯಿಲ್ಲವೆಂದು ವಾಪಸ್ ಕೊಡುವುದು ಕಷ್ಟ. ಹಾಗಾಗಿ ಬಟ್ಟೆಯ ಜೊತೆ ಬರುವ ವಿವರಣೆ ನಿಜ ಹೇಳಬೇಕು.

ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ 1996ರಲ್ಲಿ ಶುರುವಾದ ‘ಚರಕ’ ಮಹಿಳಾ ಸಹಕಾರ ಸಂಘ ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾಯಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಅಲ್ಲಿ ಬಣ್ಣವಾಯಿತು. ಅಂಥದೊಂದು ಕುರ್ತಾಕ್ಕೆ ಚೀಟಿ ಬರೆ ಎಂದರೆ ನಾನು ಹೀಗೆ ಬರೆಯುತ್ತೇನೆ:

“ಕೈಮಗ್ಗದ ಹತ್ತಿ ಬಟ್ಟೆ, ಸಾದಾ ನೇಯ್ಗೆ, ಗಿರಣಿ ನೂಲು. ಅಡಿಕೆ ಚೊಗರಿನ ಬಣ್ಣ. ಎದೆಯ ಸುತ್ತಳತೆ 42 ಇಂಚು, ಉದ್ದ 40 ಇಂಚು. ಮೊದಲ ಒಗೆತಕ್ಕೆ ಉದ್ದ ಒಂದೂವರೆ ಇಂಚಿನಷ್ಟು ಕುಗ್ಗಬಹುದು. ತಣ್ಣೀರಿನಲ್ಲಿ ಬೇರೆಯಾಗಿ ಒಗೆದು ನೆರಳಿನಲ್ಲಿ ಒಣಗಿಸಿ.”

ಮೊದಲು ನೇಯ್ಗೆ. ಸಾದಾ ನೇಯ್ಗೆಯಲ್ಲಿ ಹೊಕ್ಕಿನ ಎಳೆ ಹಾಸಿನ ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಹೋಗುತ್ತದೆ. ಕೈಯಿಂದ ಬಡಿದು ಕೂಡಿಸುವುದರಿಂದ ಬೆಳಕಿಗೆ ಹಿಡಿದರೆ ಅಲ್ಲಲ್ಲಿ ತೆಳು-ದಟ್ಟ ಪಟ್ಟಿ ಕಾಣಬಹುದು, ಅದು ದೋಷವಲ್ಲ. ಎಳೆ ತುಂಡಾಗಿ ತೂತು ಬಿದ್ದಿದ್ದರೆ ಮಾತ್ರ ದೋಷ. ‘ಗಿರಣಿ ನೂಲು’ ಎಂದು ಬರೆಯುವುದೂ ಮುಖ್ಯ. ಕೈಯಲ್ಲಿ ನೂತು ಕೈಯಲ್ಲೇ ನೇಯ್ದದ್ದು ಖಾದಿ. ಕೈಮಗ್ಗದ ಬಟ್ಟೆಯೆಲ್ಲ ಖಾದಿಯಲ್ಲ.

ಇನ್ನು ಅಳತೆ. ಮಗ್ಗದ ಮೇಲೆ ಹಾಸು ಬಿಗಿಯಾಗಿ ಎಳೆದಿರುತ್ತದೆ. ನೀರು ತಾಗಿದಾಗ ಆ ಬಿಗಿ ಸಡಿಲಿ ಬಟ್ಟೆ ಉದ್ದಕ್ಕೆ ಕುಗ್ಗುತ್ತದೆ. ನೂರಕ್ಕೆ ನಾಲ್ಕರಂತೆ ಹಿಡಿದರೆ 40 ಇಂಚು ಸುಮಾರು 38½ ಆಯಿತು. ಹೊಲಿಯುವ ಮೊದಲೇ ಬಟ್ಟೆ ನೆನೆಸಿದ್ದರೆ ಇಷ್ಟು ಕುಗ್ಗದು. ಅದನ್ನು ಕೇಳಿ ತಿಳಿಯಿರಿ. ‘ಎಲ್’, ‘ಎಕ್ಸೆಲ್’ ನಂಬುವ ಬದಲು, ಮನೆಯಲ್ಲಿ ಸರಿಯಾಗಿ ಕೂರುವ ಹಳೆಯ ಕುರ್ತಾ ಹಾಸಿ, ಕಂಕುಳಿಂದ ಕಂಕುಳಿಗೆ ಅಳೆದು ದುಪ್ಪಟ್ಟು ಮಾಡಿ. 21 ಇಂಚು ಬಂದರೆ 42 ನಿಮ್ಮ ಅಳತೆ. ಉದ್ದ ಮಾತ್ರ ಎರಡು ಇಂಚು ಹೆಚ್ಚಿಗೆ ಕೇಳಿ.

ಕೊನೆಗೆ ಒಗೆತ. ಎಲೆ-ಅಡಿಕೆಗೆ ಸುಣ್ಣ ಸೇರಿದರೆ ಬಾಯಿ ಕೆಂಪಾಗುವುದು ನಮಗೆಲ್ಲ ಗೊತ್ತು. ಸುಣ್ಣದ ಹಾಗೆ ಸೋಡಾ ಇರುವ ಖಾರವಾದ ಪೌಡರು ಕೂಡ ಚೊಗರಿನ ಬಣ್ಣವನ್ನು ಬದಲಿಸಬಲ್ಲದು. ಮೃದುವಾದ ದ್ರವ ಸೋಪು ಸಾಕು; ನೆನೆಹಾಕಬೇಡಿ. ತುಕ್ಕು ಹಿಡಿದ ಪಿನ್ನು, ಹ್ಯಾಂಗರ್ ತಾಗಿದರೆ ಕಬ್ಬಿಣ ಚೊಗರಿನೊಂದಿಗೆ ಸೇರಿ ಕಪ್ಪು ಕಲೆ ಬೀಳುತ್ತದೆ, ಅದು ಸುಲಭಕ್ಕೆ ಹೋಗದು. ಇಲ್ಲಿನ ಬಿಸಿಲು ಬಣ್ಣವನ್ನು ಬೇಗ ತಿನ್ನುತ್ತದೆ, ಡ್ರೈಯರ್ ಬಟ್ಟೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಒಳಮಗ್ಗುಲು ಹೊರಗೆ ಮಾಡಿ ಮನೆಯೊಳಗೆ ಫ್ಯಾನಿನ ಕೆಳಗೆ ಹರವಿದರೆ ಸಾಕು.

ಹೀಗೆ ನೋಡಿಕೊಂಡರೂ ಬಣ್ಣ ವರ್ಷ ಕಳೆದಂತೆ ಸ್ವಲ್ಪ ತಿಳಿಯಾಗುತ್ತದೆ. ‘ಬಣ್ಣ ಎಂದೂ ಮಾಸದು’ ಎಂದು ಬರೆದ ಚೀಟಿ ಕಂಡರೆ, ಬಣ್ಣ ಯಾವುದರದೆಂದು ಎರಡನೇ ಸಲ ಕೇಳಿ.