ಕೋಣೆಯ ಮೂಲೆಯೂ ಮೂರು–ನಾಲ್ಕು–ಐದರ ಅಳತೆಯೂ

ನೆಲಕ್ಕೆ ಟೈಲ್ಸ್ ಹಾಸುವಾಗ ಮೊದಲ ಸಾಲು ಯಾವ ಗೆರೆಯನ್ನು ಹಿಡಿದು ಹೋಗುತ್ತದೆಯೋ ಉಳಿದ ಸಾಲುಗಳೆಲ್ಲವೂ ಅದನ್ನೇ ಅನುಸರಿಸುತ್ತವೆ. ಆ ಮೊದಲ ಗೆರೆಯನ್ನು ಸಾಮಾನ್ಯವಾಗಿ ಗೋಡೆಯನ್ನು ನಂಬಿಯೇ ಹಾಕಲಾಗುತ್ತದೆ. ಆದರೆ ಎರಡು ಗೋಡೆಗಳು ಕೂಡುವ ಮೂಲೆಯು ಕಣ್ಣಿಗೆ ಸರಿಯಾಗಿ ಕಂಡ ಮಾತ್ರಕ್ಕೆ ಲಂಬಕೋನವಾಗಿರಲೇಬೇಕೆಂಬ ನಿಯಮವಿಲ್ಲ. ಬರಿಯ ನೆಲದ ಮೇಲೆ ಅಡಗಿದ್ದ ಓರೆಯು ಟೈಲ್ಸುಗಳ ನೇರ ಸಂದುಗಳು ಮೂಡಿದೊಡನೆ ಬಯಲಾಗುತ್ತದೆ. ಗಾರೆ ಗಟ್ಟಿಯಾದ ಮೇಲೆ ಅದನ್ನು ತಿದ್ದಲು ಹಾಸಿದ್ದನ್ನು ಕೀಳುವುದರ ಹೊರತು ಬೇರೆ ದಾರಿಯಿಲ್ಲ. ಆದುದರಿಂದ ಗಾರೆ ಕಲಸುವುದಕ್ಕೆ ಮುಂಚೆಯೇ ಮೂಲೆಯನ್ನು ಪರೀಕ್ಷಿಸತಕ್ಕದ್ದು. ಅದಕ್ಕೆ ಒಂದು ಅಳತೆಪಟ್ಟಿ, ಎರಡು ದಾರ ಮತ್ತು ಒಂದು ಸೀಸದಕಡ್ಡಿ ಸಾಕು.

ಈ ಪರೀಕ್ಷೆಯ ಆಧಾರ ಪ್ರೌಢಶಾಲೆಯ ರೇಖಾಗಣಿತದಲ್ಲಿಯೇ ಇದೆ. ಲಂಬಕೋನ ತ್ರಿಭುಜದಲ್ಲಿ ಕರ್ಣದ ವರ್ಗವು ಉಳಿದೆರಡು ಬಾಹುಗಳ ವರ್ಗಗಳ ಮೊತ್ತಕ್ಕೆ ಸಮ. ಮೂರರ ವರ್ಗ 9, ನಾಲ್ಕರ ವರ್ಗ 16. ಎರಡೂ ಸೇರಿ 25, ಅದು ಐದರ ವರ್ಗ. ಬೌಧಾಯನ ಶುಲ್ಬಸೂತ್ರವು ಆಯತದ ಕರ್ಣದ ನಿಯಮವನ್ನು ಹೇಳಿ, ಅದು ಕಾಣಸಿಗುವ ಬಾಹುಗಳ ಜೋಡಿಗಳನ್ನು ಎಣಿಸುವಾಗ 3 ಮತ್ತು 4ರ ಜೋಡಿಯನ್ನೂ ಹೆಸರಿಸುತ್ತದೆ. ಕಟ್ಟಡದ ಕೆಲಸದಲ್ಲಿ ಉಪಯೋಗಕ್ಕೆ ಬರುವುದು ಈ ಪ್ರಮೇಯದ ವಿಲೋಮ. ಮೂರು ಮತ್ತು ನಾಲ್ಕು ಅಳತೆಯ ಎರಡು ಬಾಹುಗಳನ್ನು ಕೈವಾರದ ಕಾಲುಗಳಂತೆ ಅಗಲಿಸಿದಷ್ಟೂ ಅವುಗಳ ತುದಿಗಳ ನಡುವಣ ಅಂತರ ಹೆಚ್ಚುತ್ತ ಹೋಗುತ್ತದೆ. ಆ ಅಂತರವು ಸರಿಯಾಗಿ ಐದಾಗುವುದು ನಡುವಣ ಕೋನವು ಲಂಬಕೋನವಾದಾಗ ಮಾತ್ರ. ಐದಕ್ಕಿಂತ ಹೆಚ್ಚಾದರೆ ಮೂಲೆ ಅಗಲವಾಗಿದೆ, ಕಡಿಮೆಯಾದರೆ ಮೂಲೆ ಇಕ್ಕಟ್ಟಾಗಿದೆ ಎಂದು ತಿಳಿಯಬೇಕು.

ಆರು ಮೀಟರು ಉದ್ದ, 4.8 ಮೀಟರು ಅಗಲದ ಒಂದು ತರಗತಿಯ ಕೋಣೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದಕ್ಕೆ 30 ಸೆಂಟಿಮೀಟರು ಚೌಕದ ಟೈಲ್ಸ್ ಹಾಸಬೇಕಾಗಿದೆ. ಅಳತೆಪಟ್ಟಿಯನ್ನು ನೇರವಾಗಿ ಮೂಲೆಗೆ ತಾಗಿಸಿ ಅಳೆಯುವುದು ಸರಿಯಲ್ಲ. ಮೂಲೆಯಲ್ಲಿ ಗಿಲಾವು ದುಂಡಗಾಗಿರುತ್ತದೆ, ಗೋಡೆಯ ನಡುವೆ ಅಲ್ಲಲ್ಲಿ ಉಬ್ಬಿರುತ್ತದೆ. ಇದರಿಂದ ಪಾರಾಗಲು ಉದ್ದ ಗೋಡೆಯ ಎರಡೂ ಕೊನೆಗಳಲ್ಲಿ ಗೋಡೆಯಿಂದ 10 ಸೆಂಟಿಮೀಟರು ಬಿಟ್ಟು ಗುರುತು ಮಾಡಿ, ಆ ಗುರುತುಗಳ ಮೇಲೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಗಿಡ್ಡ ಗೋಡೆಗೂ ಹಾಗೆಯೇ ಮಾಡಬೇಕು. ಎರಡು ದಾರಗಳು ಒಂದನ್ನೊಂದು ದಾಟುವ ಬಿಂದುವೇ ಪರೀಕ್ಷೆಯ ಮೂಲೆ. ಅಲ್ಲಿಂದ ಉದ್ದ ದಾರದ ಮೇಲೆ 4 ಮೀಟರಿಗೂ ಗಿಡ್ಡ ದಾರದ ಮೇಲೆ 3 ಮೀಟರಿಗೂ ಗುರುತು ಹಾಕಿ, ಆ ಎರಡು ಗುರುತುಗಳ ನಡುವಣ ಅಂತರವನ್ನು ಇಬ್ಬರು ಸೇರಿ ಅಳೆಯಬೇಕು. ಪಟ್ಟಿಯ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುವುದುಂಟು. ಹೀಗಿರುವುದರಿಂದ ಸೊನ್ನೆಯ ಬದಲು 10 ಸೆಂಟಿಮೀಟರಿನ ಗೆರೆಯನ್ನು ಮೊದಲ ಬಿಂದುವಿನ ಮೇಲಿಟ್ಟು, ಬಂದ ಅಳತೆಯಲ್ಲಿ ಹತ್ತನ್ನು ಕಳೆಯುವುದು ಕ್ಷೇಮ.

ಈ ಕೋಣೆಯಲ್ಲಿ 500 ಸೆಂಟಿಮೀಟರು ಬರಬೇಕಾದ ಕಡೆ 503 ಬಂದಿತೆನ್ನೋಣ. ಮೂರು ಸೆಂಟಿಮೀಟರು ಅಲ್ಪವೆಂದು ತೋರಬಹುದು. ಆದರೆ ನೆಲದ ಮೇಲೆ ಅದರ ಪರಿಣಾಮ ಎಷ್ಟೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಕರ್ಣದಲ್ಲಿ ಕಂಡ ವ್ಯತ್ಯಾಸವನ್ನು ಐದರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ, 3 ಮೀಟರಿನ ಬಾಹುವಿನ ತುದಿಯು ಎಷ್ಟು ಓರೆಯಾಗಿದೆ ಎಂಬುದು ಸುಮಾರಾಗಿ ದೊರೆಯುತ್ತದೆ. ಇಲ್ಲಿ ಅದು 3.75 ಸೆಂಟಿಮೀಟರು. ಗಿಡ್ಡ ಗೋಡೆಯ ಪೂರ್ತಿ 4.8 ಮೀಟರಿಗೆ ಲೆಕ್ಕ ಹಾಕಿದರೆ 6 ಸೆಂಟಿಮೀಟರು. ಎಂದರೆ, ಈ ಮೂಲೆಯಿಂದ ಉದ್ದ ಗೋಡೆಯನ್ನು ಹಿಡಿದು ಇಡೀ ಟೈಲ್ಸುಗಳನ್ನು ಹಾಸುತ್ತ ಹೋದರೆ, ಗಿಡ್ಡ ಗೋಡೆಯ ಬುಡದಲ್ಲಿ ಒಂದು ಕೊನೆಗೆ ಏನೂ ಇಲ್ಲದೆ ಇನ್ನೊಂದು ಕೊನೆಗೆ 6 ಸೆಂಟಿಮೀಟರು ಅಗಲವಾಗುವ ಬೆಣೆಯಾಕಾರದ ಸಂದು ಉಳಿಯುತ್ತದೆ. ಅಷ್ಟು ಕಿರಿದಾದ ಚೂರುಗಳನ್ನು ಓರೆಯಾಗಿ ಕತ್ತರಿಸುವುದು ಕಷ್ಟ. ಕತ್ತರಿಸಿದರೂ ಬಾಗಿಲಲ್ಲಿ ನಿಂತವರ ದೃಷ್ಟಿ ಮೊದಲು ಅಲ್ಲಿಗೇ ಹೋಗುತ್ತದೆ.

ಗೋಡೆಯನ್ನು ಆರು ಸೆಂಟಿಮೀಟರು ತಿದ್ದಲು ಗಿಲಾವಿನಿಂದ ಸಾಧ್ಯವಿಲ್ಲ. ತಿದ್ದಬಹುದಾದದ್ದು ಗೆರೆಯನ್ನು ಮಾತ್ರ. ಪರೀಕ್ಷೆಯ ಮೂಲೆಯಿಂದ 3 ಮೀಟರಿನ ಒಂದು ಕಂಸವನ್ನೂ, ಉದ್ದ ದಾರದ ಮೇಲಿನ 4 ಮೀಟರಿನ ಗುರುತಿನಿಂದ 5 ಮೀಟರಿನ ಇನ್ನೊಂದು ಕಂಸವನ್ನೂ ನೆಲದ ಮೇಲೆ ಎಳೆಯಬೇಕು. ಅವು ಕೂಡುವ ಬಿಂದುವು ಹಳೆಯ ಗುರುತಿನಿಂದ ಸುಮಾರು 3.75 ಸೆಂಟಿಮೀಟರು ಒಳಗಡೆಗೆ ಬೀಳುತ್ತದೆ. ಹಾಗೆ ಬಿದ್ದರೆ ಮೊದಲಿನ ಲೆಕ್ಕವೂ ಸರಿಯೆಂದಾಯಿತು. ಮೂಲೆಯಿಂದ ಈ ಹೊಸ ಬಿಂದುವಿನ ಮೂಲಕ ಬಣ್ಣದ ಪುಡಿ ಹಚ್ಚಿದ ದಾರವನ್ನು ಮೀಟಿ ಗೆರೆ ಹಾಕಿದರೆ ನಿಜವಾದ ಲಂಬರೇಖೆ ದೊರೆಯುತ್ತದೆ. ಇನ್ನು ಮುಂದೆ ಟೈಲ್ಸುಗಳು ಗಿಡ್ಡ ಗೋಡೆಯನ್ನು ನೋಡದೆ ಈ ಗೆರೆಯನ್ನೇ ಅನುಸರಿಸತಕ್ಕದ್ದು.

ಹೀಗೆ ಮಾಡಿದರೂ ಬೆಣೆ ಮಾಯವಾಗುವುದಿಲ್ಲ, ಗೋಡೆಯ ಬುಡಕ್ಕೆ ಸರಿಯುತ್ತದೆ, ಅಷ್ಟೆ. ಅದನ್ನು ಮರೆಸುವ ಉಪಾಯವೆಂದರೆ ಸಾಲುಗಳನ್ನು ಅರ್ಧ ಟೈಲಿನಷ್ಟು ಸರಿಸುವುದು. ಆರು ಮೀಟರಿನ ಉದ್ದಕ್ಕೆ 20 ಇಡೀ ಟೈಲ್ಸುಗಳ ಬದಲು ನಡುವೆ 19 ಇಡೀ ಟೈಲ್ಸುಗಳನ್ನಿಟ್ಟು, ಎರಡೂ ಕೊನೆಗಳಿಗೆ ಅರ್ಧರ್ಧ ಬಿಡಬೇಕು. ಆಗ ಓರೆಯಾದ ಗೋಡೆಯ ಬಳಿ ತುಂಡುಗಳ ಅಗಲವು 15 ಸೆಂಟಿಮೀಟರಿನಿಂದ ಆರಂಭವಾಗಿ 21ಕ್ಕೆ ಮುಗಿಯುತ್ತದೆ. ಸೊನ್ನೆಯಿಂದ ಆರಕ್ಕೆ ಏರುವ ಪಟ್ಟಿಯನ್ನು ಕಣ್ಣು ತಟ್ಟನೆ ಹಿಡಿಯುತ್ತದೆ. ಹದಿನೈದರಿಂದ ಇಪ್ಪತ್ತೊಂದಕ್ಕೆ ಏರುವುದನ್ನು ಹುಡುಕಿಯೇ ಕಾಣಬೇಕು. ಕರ್ಣದ ವ್ಯತ್ಯಾಸವು ಮೂರು ಮಿಲಿಮೀಟರಿನೊಳಗೆ ಇದ್ದರೆ ಈ ಶ್ರಮ ಬೇಕಿಲ್ಲ. ಆಗ ಇಡೀ ಗೋಡೆಗೆ ಬರುವ ಓರೆ 6 ಮಿಲಿಮೀಟರಿಗೆ ಮೀರದು, ಅದನ್ನು ಸ್ಕರ್ಟಿಂಗ್ ಪಟ್ಟಿಯೇ ಮುಚ್ಚುತ್ತದೆ.

ತ್ರಿಭುಜವನ್ನು ಕೋಣೆ ಹಿಡಿಸುವಷ್ಟು ದೊಡ್ಡದಾಗಿ ಮಾಡುವುದರ ಮಹತ್ವವೂ ಇದೇ ಲೆಕ್ಕದಿಂದ ತಿಳಿಯುತ್ತದೆ. ಅಳತೆ ಓದುವಾಗ 2 ಮಿಲಿಮೀಟರಿನ ತಪ್ಪು ಯಾರ ಕೈಯಲ್ಲಿಯಾದರೂ ಆಗಬಹುದು. ಮೂರು–ನಾಲ್ಕು–ಐದು ಮೀಟರಿನ ತ್ರಿಭುಜದಲ್ಲಿ ಆ ತಪ್ಪು 4.8 ಮೀಟರಿನ ಕೊನೆಯಲ್ಲಿ 4 ಮಿಲಿಮೀಟರಾಗುತ್ತದೆ. ಆದರೆ 30, 40 ಮತ್ತು 50 ಸೆಂಟಿಮೀಟರಿನ ಪುಟ್ಟ ತ್ರಿಭುಜದಲ್ಲಿ ಅದೇ ತಪ್ಪು ಹತ್ತು ಪಟ್ಟಾಗಿ 4 ಸೆಂಟಿಮೀಟರಿಗೆ ಬೆಳೆಯುತ್ತದೆ. ಮೇಸ್ತ್ರಿಯ ಕೈಯಲ್ಲಿರುವ ಮೂಲೆಮಟ್ಟವು ಕಿಟಕಿಯ ಚೌಕಟ್ಟಿಗೆ ತಕ್ಕ ಉಪಕರಣವಾದರೂ ಕೋಣೆಯ ಪರೀಕ್ಷೆಗೆ ಸಾಲದಿರುವುದು ಈ ಕಾರಣದಿಂದಲೇ. ಅಡಿಗಳಲ್ಲಿ ಅಳೆಯುವ ರೂಢಿಯಿದ್ದಲ್ಲಿ 6, 8 ಮತ್ತು 10 ಅಡಿಗಳನ್ನು ಬಳಸಬಹುದು, ಪ್ರಮಾಣ ಅದೇ.

ಒಂದು ಮೂಲೆ ಸರಿಯಿದ್ದ ಮಾತ್ರಕ್ಕೆ ಉಳಿದ ಮೂರೂ ಸರಿಯೆಂದು ಭಾವಿಸಲಾಗದು. ಕೋಣೆಯ ಎರಡು ಕರ್ಣಗಳನ್ನು ಅಳೆದು ಅವು ಸಮವೆಂದು ತೃಪ್ತಿಪಡುವವರುಂಟು. ಒಂದು ಕೊನೆ ಅಗಲವಾಗಿ ಮತ್ತೊಂದು ಕೊನೆ ಕಿರಿದಾದ ಕೋಣೆಯಲ್ಲಿಯೂ ಕರ್ಣಗಳು ಸಮವಾಗಿರಬಲ್ಲವು. ಎದುರುಬದುರಿನ ಗೋಡೆಗಳ ಉದ್ದವೂ ಸಮವಾಗಿದ್ದರೆ ಮಾತ್ರ ಆ ಪರೀಕ್ಷೆ ಪೂರ್ಣ. ಆದಕಾರಣ ಕಟ್ಟಡ ಸಮಿತಿಯವರು ಟೈಲ್ಸಿನ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ, ನಾಲ್ಕೂ ಮೂಲೆಗಳ ಕರ್ಣದ ಅಳತೆಯನ್ನು ಆಯಾ ಮೂಲೆಯ ನೆಲದ ಮೇಲೆಯೇ ಬರೆಯಿಸಿ ನೋಡುವುದು ಉಚಿತ. ಮೊದಲ ಟೈಲ್ ಎಲ್ಲಿಂದ ಆರಂಭವಾಗಬೇಕೆಂಬುದನ್ನು ಆ ನಾಲ್ಕು ಸಂಖ್ಯೆಗಳನ್ನು ಓದಿದ ಬಳಿಕವೇ ನಿರ್ಧರಿಸತಕ್ಕದ್ದು.