ಹಿಟ್ಟನ್ನೇ ಮತ್ತೆ ಬೀಸುವ ವಿದ್ಯೆ

ಹ್ಯಾಶ್‌ನಿಂದ ಪಾಸ್‌ವರ್ಡ್ ವಾಪಸ್ ಬರುವುದಿಲ್ಲ ಎಂದಾದರೆ, ಹಳೆಯ ಎಂಡಿ5 ಬಿಟ್ಟು ಬಿಕ್ರಿಪ್ಟ್‌ಗೆ ಬದಲಾಗುವ ಕಂಪನಿ ತನ್ನ ಲಕ್ಷಾಂತರ ಗ್ರಾಹಕರ ಪಾಸ್‌ವರ್ಡ್‌ಗಳನ್ನು ಎಲ್ಲಿಂದ ತರುತ್ತದೆ? ಓದುಗರೊಬ್ಬರು ಕೇಳಿದ ಈ ಪ್ರಶ್ನೆಗೆ ಉತ್ತರ: ತರುವುದೇ ಬೇಡ. ಅಕ್ಕಿ ಬೀಸಿದ ಮೇಲೆ ಹಿಟ್ಟಿನಿಂದ ಅಕ್ಕಿ ಬರುವುದಿಲ್ಲ, ನಿಜ. ಆದರೆ ಹಿಟ್ಟನ್ನೇ ಇನ್ನೊಂದು ಬೀಸುಕಲ್ಲಿಗೆ ಹಾಕಬಹುದಲ್ಲ?

ಎರಡನೆಯ ಕಲ್ಲು ಯಾಕೆ ಬೇಕು ಎನ್ನುವುದಕ್ಕೆ ಕೆನಡಾದ ಆಶ್ಲಿ ಮ್ಯಾಡಿಸನ್ ಎಂಬ ಜಾಲತಾಣದ ಕತೆ ಸಾಕು. 2015ರಲ್ಲಿ ಅಲ್ಲಿಂದ ಸುಮಾರು 3.6 ಕೋಟಿ ಪಾಸ್‌ವರ್ಡ್ ಹ್ಯಾಶ್‌ಗಳು ಸೋರಿದವು. ಎಲ್ಲವೂ ಬಿಕ್ರಿಪ್ಟ್. 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯರ್ ರೂಪಿಸಿದ ಈ ವಿಧಾನ ಬೇಕೆಂದೇ ನಿಧಾನ. ಅದಕ್ಕೆ ಕೊಡುವ ‘ಕಾಸ್ಟ್’ ಸಂಖ್ಯೆ ಒಂದು ಹೆಚ್ಚಿದರೆ ಕೆಲಸ ಇಮ್ಮಡಿಯಾಗುತ್ತದೆ. ಇಲ್ಲಿ ಅದು 12 ಇತ್ತು, ಅಂದರೆ 4096 ಸುತ್ತು. ಒಳ್ಳೆಯ ಗ್ರಾಫಿಕ್ಸ್ ಕಾರ್ಡೊಂದು ಸೆಕೆಂಡಿಗೆ ಶತಕೋಟಿಗಟ್ಟಲೆ ಎಂಡಿ5 ಲೆಕ್ಕ ಹಾಕುತ್ತದೆ. ಈ ಬಿಕ್ರಿಪ್ಟ್‌ನ ಮುಂದೆ ಒಂದೆರಡು ಸಾವಿರ ದಾಟುವುದೂ ಕಷ್ಟ. ಪ್ರತಿ ಖಾತೆಗೂ ಬೇರೆ ಸಾಲ್ಟ್ ಇದ್ದುದರಿಂದ ಒಂದು ಊಹೆಯನ್ನು ಎಲ್ಲ ಖಾತೆಗಳಿಗೂ ಒಟ್ಟಿಗೆ ಹೋಲಿಸಿ ನೋಡುವಂತೆಯೂ ಇರಲಿಲ್ಲ. ತಜ್ಞರೇ ಕೈಚೆಲ್ಲಿದರು.

ಕೆಲವೇ ವಾರಗಳಲ್ಲಿ ಸೈನೋಶ್ಯೂರ್ ಪ್ರೈಮ್ ಎಂಬ ಹವ್ಯಾಸಿಗಳ ತಂಡ 1.1 ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳನ್ನು ಬಿಡಿಸಿತು. ಅವರು ಬಿಕ್ರಿಪ್ಟ್‌ನ ತಂಟೆಗೇ ಹೋಗಲಿಲ್ಲ. ಸೋರಿದ ದತ್ತಾಂಶದಲ್ಲಿ `loginkey` ಎಂಬ ಇನ್ನೊಂದು ಅಂಕಣವಿತ್ತು. ಬಳಕೆದಾರರ ಹೆಸರನ್ನೂ ಪಾಸ್‌ವರ್ಡನ್ನೂ ಸಣ್ಣಕ್ಷರಕ್ಕೆ ಇಳಿಸಿ, ಜೋಡಿಸಿ, ಎಂಡಿ5 ಮಾಡಿದ ಕೀ ಅದು. 2012ರಲ್ಲಿ ಕೋಡ್ ತಿದ್ದಿದ್ದರು, ಆದರೆ ಹಳೆಯ ಖಾತೆಗಳ ಹಳೆಯ ಕೀಗಳು ಇದ್ದಲ್ಲೇ ಉಳಿದಿದ್ದವು. ಬಳಕೆದಾರರ ಹೆಸರು ಒಂದು ಬಗೆಯ ಸಾಲ್ಟ್ ತಾನೇ ಎನ್ನಬಹುದು. ಹೌದು, ಆದರೆ ವೇಗದ ಹ್ಯಾಶ್‌ಗೆ ಸಾಲ್ಟ್ ಬೆರೆಸಿದ ಮಾತ್ರಕ್ಕೆ ಅದು ನಿಧಾನವಾಗುವುದಿಲ್ಲ.

ಎಂಡಿ5 ಒಡೆದಾಗ ಸಿಕ್ಕಿದ್ದು ಸಣ್ಣಕ್ಷರದ ರೂಪ. ಎಂಟು ಅಕ್ಷರದ ಪಾಸ್‌ವರ್ಡ್‌ನಲ್ಲಿ ಯಾವುದು ದೊಡ್ಡಕ್ಷರ, ಯಾವುದು ಸಣ್ಣದು ಎಂದು ತಿಳಿಯಲು ಹೆಚ್ಚೆಂದರೆ 256 ಸಲ ಬಿಕ್ರಿಪ್ಟ್ ಲೆಕ್ಕ ಸಾಕು. ಬಹಳ ಜನ ಹೇಗೂ ಬರೀ ಸಣ್ಣಕ್ಷರದಲ್ಲೇ ಬರೆದಿದ್ದರು. ಮೊದಲ ಯತ್ನಕ್ಕೇ ಬಾಗಿಲು ತೆರೆಯಿತು.

ಇನ್ನು ಬದಲಾವಣೆಯ ವಿಷಯ. ಗ್ರಾಹಕ ಮುಂದಿನ ಸಲ ಲಾಗಿನ್ ಆದಾಗ ಪಾಸ್‌ವರ್ಡ್ ಕೈಗೆ ಬರುತ್ತದೆ, ಆಗ ಹೊಸ ಹ್ಯಾಶ್ ಮಾಡಿಕೊಂಡರಾಯಿತು ಎಂಬುದು ಅನೇಕರ ಯೋಜನೆ. ವರ್ಷಗಟ್ಟಲೆ ಬಾರದವರ ಎಂಡಿ5 ಮಾತ್ರ ಹಾಗೇ ಉಳಿಯುತ್ತದೆ. ಆದ್ದರಿಂದ ಯಾರನ್ನೂ ಕಾಯದೆ, ಇರುವ ಹ್ಯಾಶ್‌ನ ಮೇಲೆಯೇ ಬಿಕ್ರಿಪ್ಟ್ ಹೊದಿಸಬೇಕು:

```
bcrypt(md5_hex(password))
```

ಪ್ರತಿ ಖಾತೆಗೂ ಹೊಸ ಸಾಲ್ಟ್. ಜೊತೆಗೆ ‘ಇದು ಹೊದಿಸಿದ್ದು’ ಎಂಬ ಗುರುತು. ಲಾಗಿನ್ ಆದವರು ಕೊಟ್ಟ ಪಾಸ್‌ವರ್ಡನ್ನು ಮೊದಲು ಎಂಡಿ5, ಆಮೇಲೆ ಬಿಕ್ರಿಪ್ಟ್ ಮಾಡಿ ತಾಳೆ ನೋಡಿ, ಸರಿಯಿದ್ದರೆ ನೇರ ಬಿಕ್ರಿಪ್ಟ್ ಆಗಿ ಬರೆದು ಗುರುತು ಬದಲಿಸಬೇಕು. ಬಾರದವರು ಹೊದಿಕೆಯ ಒಳಗೇ ಇರಲಿ, ತೊಂದರೆಯಿಲ್ಲ.

ಕೋಡ್‌ನಲ್ಲಿರುವ `hex` ಅಲಂಕಾರಕ್ಕಲ್ಲ. ಎಂಡಿ5 ಕೊಡುವ 16 ಬೈಟ್‌ಗಳನ್ನು ಹಾಗೇ ಕೊಟ್ಟರೆ, ಬಿಕ್ರಿಪ್ಟ್‌ನ ಎಷ್ಟೋ ಆವೃತ್ತಿಗಳು ಸೊನ್ನೆ ಬೈಟ್ ಕಂಡ ಕೂಡಲೇ ಪಾಸ್‌ವರ್ಡ್ ಮುಗಿಯಿತೆಂದು ನಿಂತುಬಿಡುತ್ತವೆ. ಸರಾಸರಿ 256 ಖಾತೆಗಳಲ್ಲಿ ಒಂದರ ಎಂಡಿ5 ಸೊನ್ನೆ ಬೈಟಿನಿಂದಲೇ ಶುರುವಾಗುತ್ತದೆ. ಅಂಥ ಖಾತೆಯ ಪಾಸ್‌ವರ್ಡ್ ಖಾಲಿಯಾದಂತೆ. ಸೊನ್ನೆ ಬೈಟಿನಿಂದ ಶುರುವಾಗುವ ಎಂಡಿ5 ಇರುವ ಬೇರೆ ಯಾವ ಪಾಸ್‌ವರ್ಡಾದರೂ ಅಲ್ಲಿ ನಡೆಯುತ್ತದೆ! ಸರಿಯಾದ ಪಾಸ್‌ವರ್ಡ್ ಒಪ್ಪುತ್ತದೆಯೇ ಎಂದಷ್ಟೇ ಪರೀಕ್ಷಿಸುವವರಿಗೆ ಈ ತಪ್ಪು ಕಾಣುವುದೇ ಇಲ್ಲ. ಇಂಥ ಎರಡು ಪಾಸ್‌ವರ್ಡ್ ಹುಡುಕಿಟ್ಟುಕೊಂಡು, ಒಂದರ ಖಾತೆಗೆ ಇನ್ನೊಂದನ್ನು ಕೊಟ್ಟು ನೋಡಬೇಕು.

ಹೊದಿಕೆ ಹಾಕಿಯಾಯಿತೆಂದು ಕೂರುವ ಮುನ್ನ ಇಡೀ ಡೇಟಾಬೇಸ್‌ನಲ್ಲಿ 32 ಹೆಕ್ಸ್ ಅಂಕಿಗಳ ಸಾಲುಗಳಿಗಾಗಿ ಹುಡುಕಬೇಕು. ಅಂಕಣದ ಹೆಸರನ್ನು ನಂಬಬೇಡಿ. `loginkey` ಎಂಬುದರಲ್ಲಿ ಪಾಸ್‌ವರ್ಡ್ ಇದೆಯೆಂದು ಯಾರೂ ಊಹಿಸರು. ಹಳೆಯ ಬ್ಯಾಕಪ್‌ಗಳಲ್ಲೂ ಬರೀ ಎಂಡಿ5 ಇರುತ್ತದೆ. ಹೊದಿಸುವ ದಿನವೇ ಅವುಗಳನ್ನು ಅಳಿಸುವ ತಾರೀಖನ್ನೂ ಗೊತ್ತುಮಾಡಿ, ಅಲ್ಲಿಯವರೆಗೆ ಬೇರೆ ಕೀಲಿಯಿಂದ ಗೂಢಲಿಪೀಕರಿಸಿ ಇಡುವುದು ವಾಸಿ.